ಕನಸಿನ ಬೆಂಕಿಯ ಮುಂದೆ ನೀವು ಹೇಗೆ ನಿಂತಿದ್ದಿರಿ?

ಚಿಕ್ಕಪ್ಪ ತೀರಿಕೊಂಡು ಎರಡು ತಿಂಗಳಾಗಿತ್ತು. ಮಂಡ್ಯದ ಹತ್ತಿರದ ಊರಿನಲ್ಲಿ ಒಬ್ಬರೇ ಉಳಿದಿದ್ದ ಚಿಕ್ಕಮ್ಮನಿಗೆ ವಾರಕ್ಕೊಮ್ಮೆಯಾದರೂ ಅದೇ ಕನಸು ಬೀಳುತ್ತಿತ್ತು. ಹಿತ್ತಿಲಲ್ಲಿ ಬೆಂಕಿ ಹೊತ್ತಿದೆ. ಚಿಕ್ಕಪ್ಪ ಕೊನೆಯ ಎಂಟು ತಿಂಗಳು ಮಲಗಿದ್ದ ಹಾಸಿಗೆ, ಅವರ ಕಂಬಳಿ, ಮಾತ್ರೆ ಇಡುತ್ತಿದ್ದ ರಟ್ಟಿನ ಪೆಟ್ಟಿಗೆ ಎಲ್ಲ ಅದರಲ್ಲಿ ಉರಿಯುತ್ತಿವೆ. ಹತ್ತಿರದಲ್ಲೇ ಚಿಕ್ಕಮ್ಮ ನಿಂತಿದ್ದಾರೆ. ಅಷ್ಟೇ ಕನಸು.

ಕೇಳಿದವರೆಲ್ಲ ತಮಗೆ ತೋಚಿದ ಅರ್ಥ ಹೇಳಿದರು. ಸೋದರತ್ತೆ ಮನೆಯಲ್ಲಿ ಜಗಳ ಆಗುತ್ತದೆ ಎಂದರು. ಪಕ್ಕದ ಮನೆಯವರು ಸತ್ತವರಿಗೆ ಸಮಾಧಾನವಿಲ್ಲ, ಶಾಂತಿ ಮಾಡಿಸಿ ಎಂದರು. ಮೊಮ್ಮಗ ಎಲ್ಲಿಂದಲೋ ಒಂದು ಸ್ವಪ್ನಫಲದ ಪುಸ್ತಕ ತಂದು, ಬೆಂಕಿ ಕಂಡರೆ ಹಣ ಬರುತ್ತದಂತೆ ಎಂದು ಓದಿದ. ಒಂದೇ ವಾರದಲ್ಲಿ ಒಂದೇ ಕನಸಿಗೆ ಜಗಳ, ಪ್ರೇತ, ಹಣ ಎಂಬ ಮೂರು ಅರ್ಥ ಬಂದವು. ಚಿಕ್ಕಮ್ಮ ಹೆದರಿ ಹಣ್ಣಾದರು.

ನಾನು ಹೋದಾಗ ಒಂದೇ ಮಾತು ಕೇಳಿದೆ. "ಚಿಕ್ಕಮ್ಮ, ಬೆಂಕಿ ಉರೀತಿದ್ದಾಗ ನಿಮಗೆ ಹೆಂಗನ್ನಿಸ್ತಿತ್ತು?"

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಅದನ್ನು ಅದುವರೆಗೆ ಯಾರೂ ಕೇಳಿರಲಿಲ್ಲ. "ಹೆದರಿಕೆ ಏನಿಲ್ಲ ಕಣಪ್ಪ. ಕೈ ಕಾಯಿಸ್ಕೊಂಡು ನಿಂತಿದ್ದೆ. ಮೈಯೆಲ್ಲ ಹಗುರಾದಂಗಾಯ್ತು. ಎಚ್ಚರ ಆದ್ಮೇಲೆ ಭಯ ಆಯ್ತು, ಅವ್ರ ಹಾಸಿಗೇನ ಸುಟ್ಬಿಟ್ನಲ್ಲ ಅಂತ."

ಈ ನಾಲ್ಕು ಮಾತಿನಲ್ಲಿ ಎರಡು ಬೇರೆ ಬೇರೆ ಭಾವಗಳಿವೆ. ಕನಸಿನ ಒಳಗೆ ಇದ್ದದ್ದು ಹಗುರ. ಎದ್ದ ಮೇಲೆ ಬಂದದ್ದು ತಪ್ಪು ಮಾಡಿದೆನೇನೋ ಎಂಬ ಅಳುಕು. ಅರ್ಥ ಹೇಳಲು ಬಂದವರೆಲ್ಲ ಎರಡನೆಯದನ್ನು ಮಾತ್ರ ನೋಡಿದ್ದರು, ಏಕೆಂದರೆ ಬೆಳಗ್ಗೆ ಮುಖದ ಮೇಲೆ ಕಾಣುತ್ತಿದ್ದದ್ದು ಅದೊಂದೇ. ಇನ್ನು ಆ ಹಗುರ ಎಲ್ಲಿಂದ ಬಂತು? ಚಿಕ್ಕಮ್ಮನ ಕಡೆ ಸಂಕ್ರಾಂತಿಯ ಸಂಜೆ ದನಗಳಿಗೆ ಕಿಚ್ಚು ಹಾಯಿಸುತ್ತಾರೆ. ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದ ಎತ್ತುಗಳನ್ನು ಉರಿಯುವ ಹುಲ್ಲಿನ ಮೇಲೆ ಹಾರಿಸಿ ಮನೆಗೆ ಕರೆದುಕೊಂಡು ಬರುತ್ತಾರೆ. ಬೆಂಕಿ ದಾಟಿದರೆ ಮೈಗೆ ಅಂಟಿದ ಪೀಡೆ ಬಿಡುತ್ತದೆ ಎಂಬುದನ್ನು ಚಿಕ್ಕಮ್ಮ ಪುಸ್ತಕದಿಂದ ಕಲಿಯಬೇಕಾಗಿರಲಿಲ್ಲ, ಅರವತ್ತು ಸಂಕ್ರಾಂತಿಗಳನ್ನು ಕಣ್ಣಾರೆ ಕಂಡವರು. ಎಂಟು ತಿಂಗಳು ಮಲ, ಮೂತ್ರ, ಹುಣ್ಣು ಎಲ್ಲವನ್ನೂ ಒಬ್ಬರೇ ನೋಡಿಕೊಂಡ ಹೆಂಗಸಿಗೆ ರೋಗಿಯ ಹಾಸಿಗೆ ಉರಿಯುವುದನ್ನು ನೋಡಿ ಮೈ ಹಗುರಾದರೆ ಅದರಲ್ಲಿ ಪ್ರೇತವೂ ಇಲ್ಲ, ಜಗಳವೂ ಇಲ್ಲ. ಆ ಬೆಂಕಿ ಮನೆಯಿಂದ ಕಾಯಿಲೆಯನ್ನು ತೊಳೆಯುತ್ತಿತ್ತು.

ಅದೇ ಹಾಸಿಗೆ, ಅದೇ ಹಿತ್ತಿಲು, ಅದೇ ಉರಿ ಕಂಡು ಚಿಕ್ಕಮ್ಮ ಕನಸಿನೊಳಗೇ ಕಿರುಚಿದ್ದರೆ? ಅಥವಾ ಹಲ್ಲು ಕಚ್ಚಿ ತಾವೇ ಕಡ್ಡಿ ಗೀರಿದ್ದರೆ? ಆಗ ನಾನು ಹೇಳಬೇಕಾದದ್ದು ಬೇರೆಯೇ ಆಗುತ್ತಿತ್ತು. ಚಿತ್ರ ಬದಲಾಗದಿದ್ದರೂ ಅರ್ಥ ಬದಲಾಗುತ್ತದೆ.

ನಮ್ಮ ನುಡಿಯನ್ನೇ ನೋಡಿ. ಹೊಟ್ಟೆಕಿಚ್ಚು ಎಂದರೆ ಅಸೂಯೆ, ಹೊಟ್ಟೆ ಉರಿಯಿತು ಎಂದರೆ ಅಸೂಯೆಯೂ ಹೌದು, ತಾಯಿಯ ಸಂಕಟವೂ ಹೌದು. ಕೆಂಡಾಮಂಡಲವಾದ, ಕಿಡಿ ಕಾರಿದ, ಉರಿದುಬಿದ್ದ ಎಂದರೆ ಕೋಪ. ಬೂದಿ ಮುಚ್ಚಿದ ಕೆಂಡ ಎಂದರೆ ಹೊರಗೆ ಕಾಣದ ಕೋಪ. ಮನೆ ದೀಪ ಎಂದರೆ ಮಗು. ಕನಸು ಕಾಣುವವನು ಹಗಲೆಲ್ಲ ಈ ಭಾಷೆಯನ್ನೇ ಆಡಿ, ರಾತ್ರಿ ಇದನ್ನೇ ಚಿತ್ರವಾಗಿ ನೋಡುತ್ತಾನೆ. ಹಾಗಿರುವಾಗ 'ಬೆಂಕಿ' ಎಂಬ ಪದದ ಎದುರು ಒಂದೇ ಫಲ ಬರೆದಿಡುವ ಪುಸ್ತಕ ಯಾರ ಬೆಂಕಿಯ ಬಗ್ಗೆ ಹೇಳುತ್ತಿದೆ?

ಹಳೆಯ ಕಥೆಗಳಲ್ಲೂ ಈ ಗೋಜಲು ಇದೆ. ಟ್ರಾಯ್ ನಗರದ ರಾಣಿ ಹೆಕುಬಾ ಬಸುರಿಯಾಗಿದ್ದಾಗ ತಾನು ಉರಿಯುವ ಪಂಜನ್ನು ಹೆತ್ತ ಹಾಗೆ ಕನಸು ಕಂಡಳು ಎನ್ನುತ್ತದೆ ಗ್ರೀಕ್ ಪುರಾಣ. ಹುಟ್ಟುವ ಮಗ ಊರನ್ನೇ ಸುಡುತ್ತಾನೆ ಎಂದು ಜೋಯಿಸರು ಹೇಳಿದರು, ಹುಟ್ಟಿದ ಪ್ಯಾರಿಸನನ್ನು ಬೆಟ್ಟದಲ್ಲಿ ಬಿಟ್ಟುಬಂದರು. ಹನ್ನೆರಡನೆಯ ಶತಮಾನದ ಸ್ಪೇನಿನಲ್ಲಿ ಸಂತ ಡೊಮಿನಿಕ್‌ನ ತಾಯಿಗೆ ಬಿದ್ದ ಕನಸೂ ಹೆಚ್ಚುಕಡಿಮೆ ಅದೇ. ಬಾಯಲ್ಲಿ ಪಂಜು ಕಚ್ಚಿದ ನಾಯಿಯೊಂದು ಅವಳ ಗರ್ಭದಿಂದ ಹೊರಟು ಲೋಕಕ್ಕೆ ಉರಿ ಹಚ್ಚುತ್ತದೆ. ಅಲ್ಲಿ ಅದು ಧರ್ಮದ ಬೆಳಕಾಯಿತು. ಇಬ್ಬರು ತಾಯಂದಿರೂ ಕಂಡದ್ದು ಗರ್ಭದಿಂದ ಬಂದ ಪಂಜನ್ನೇ. ಒಂದಕ್ಕೆ ನಾಶವೆಂದೂ ಇನ್ನೊಂದಕ್ಕೆ ಬೆಳಕೆಂದೂ ಅರ್ಥ ಬರೆದವರು, ಮುಂದೆ ಏನಾಯಿತು ಎಂದು ತಿಳಿದ ಮೇಲೆ ಕಥೆ ಕಟ್ಟಿದವರು. ಆ ತಾಯಂದಿರು ಆ ರಾತ್ರಿ ಬೆಚ್ಚಿದರೋ, ಹಿಗ್ಗಿದರೋ ಎಂಬುದು ಅವರಿಗೆ ಮುಖ್ಯವಾಗಲಿಲ್ಲ.

ನಮ್ಮ ವೈದ್ಯರು ಈ ವಿಷಯದಲ್ಲಿ ಜೋಯಿಸರಿಗಿಂತ ಎಚ್ಚರದಿಂದಿದ್ದರು ಎಂದು ನನಗೆ ಅನಿಸುತ್ತದೆ. ಪಿತ್ತ ಪ್ರಕೃತಿಯವರು ಕನಸಿನಲ್ಲಿ ಚಿನ್ನ, ಮುತ್ತುಗದ ಹೂವು, ಬೆಂಕಿ, ಮಿಂಚು, ಉಲ್ಕೆ ಇಂಥವನ್ನು ಕಾಣುತ್ತಾರೆ ಎನ್ನುತ್ತದೆ ಸುಶ್ರುತ ಸಂಹಿತೆ. ಮೈಯಲ್ಲಿ ಉಷ್ಣ ಹೆಚ್ಚಿದವನಿಗೆ ಕೆಂಪು, ಹಳದಿ, ಹೊಳಪು ಕಾಣುತ್ತದೆ, ಅದಕ್ಕೂ ನಾಳೆ ನಡೆಯುವುದಕ್ಕೂ ಸಂಬಂಧವಿಲ್ಲ ಎಂಬುದು ಇದರ ತಾತ್ಪರ್ಯ. ಚರಕ ಸಂಹಿತೆ ಕನಸನ್ನು ಏಳು ಬಗೆಯಾಗಿ ವಿಂಗಡಿಸುತ್ತದೆ. ಕಂಡದ್ದು, ಕೇಳಿದ್ದು, ಅನುಭವಿಸಿದ್ದು, ಬಯಸಿದ್ದು, ಕಲ್ಪಿಸಿಕೊಂಡದ್ದು ಎಂಬ ಐದರಿಂದ ಹುಟ್ಟಿದ ಕನಸಿಗೆ ಫಲವೇ ಇಲ್ಲ ಎಂದು ಅದು ಬಿಟ್ಟುಬಿಡುತ್ತದೆ. ಉಳಿದ ಎರಡರಲ್ಲಿ ಒಂದು ಮುಂದಾಗುವುದನ್ನು ಸೂಚಿಸುವಂಥದು, ಇನ್ನೊಂದು ದೋಷದಿಂದ ಬಂದದ್ದು. ಸೂಚನೆ ಎಂಬುದನ್ನು ನಾನು ಒಪ್ಪುವುದಿಲ್ಲ. ಆದರೆ ಫಲ ಹೇಳುವ ಮೊದಲು ಈ ಕನಸು ಎಲ್ಲಿಂದ ಬಂತು ಎಂದು ವಿಚಾರಿಸುವ ಆ ಕ್ರಮ ಸರಿಯಾದದ್ದು. ಚಿಕ್ಕಮ್ಮನ ಕನಸಿನಲ್ಲಿ ಕಂಡದ್ದೂ ಇತ್ತು, ಅನುಭವಿಸಿದ್ದೂ ಇತ್ತು, ಬಾಯಿಬಿಟ್ಟು ಹೇಳಲಾಗದ ಬಯಕೆಯೂ ಇತ್ತು.

ಬೆಂಕಿಯ ಕನಸನ್ನು ಅರ್ಧ ಸರಿಯಾಗಿ ಓದಿ, ಉಳಿದರ್ಧದಲ್ಲಿ ಕನಸು ಕಂಡವಳ ಭಾವವನ್ನೇ ತಳ್ಳಿಹಾಕಿದರೆ ಏನಾಗುತ್ತದೆ ಎಂಬುದಕ್ಕೆ ವಿಯೆನ್ನಾದಲ್ಲಿ ನಡೆದ ಒಂದು ಪ್ರಕರಣಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. 1900ರ ಅಕ್ಟೋಬರ್‌ನಲ್ಲಿ ಸಿಗ್ಮಂಡ್ ಫ್ರಾಯ್ಡ್ ಬಳಿಗೆ ಹದಿನೆಂಟು ತುಂಬುತ್ತಿದ್ದ ಹುಡುಗಿಯೊಬ್ಬಳನ್ನು ಅವಳ ತಂದೆ ಕರೆತಂದ. ಕೆಮ್ಮು, ಆಗಾಗ ದನಿ ಬಿದ್ದುಹೋಗುವುದು, ಬದುಕು ಸಾಕೆಂದು ಬರೆದಿಟ್ಟ ಒಂದು ಚೀಟಿ. ಫ್ರಾಯ್ಡ್ ಅವಳನ್ನು ಡೋರಾ ಎಂದು ಕರೆದು, 1905ರಲ್ಲಿ ಅವಳ ಕಥೆಯನ್ನು ಪ್ರಕಟಿಸಿದರು.

ಆ ಮನೆಯ ಪರಿಸ್ಥಿತಿ ಹೀಗಿತ್ತು. ಡೋರಾಳ ತಂದೆಗೆ ಕುಟುಂಬದ ಸ್ನೇಹಿತನೊಬ್ಬನ ಹೆಂಡತಿಯ ಜೊತೆ ಸಂಬಂಧವಿತ್ತು. ಆ ಸ್ನೇಹಿತ, ಫ್ರಾಯ್ಡ್ ಬರೆಯುವಂತೆ 'ಶ್ರೀ ಕೆ', ಡೋರಾಳ ಹಿಂದೆ ಬಿದ್ದಿದ್ದ. ಅವಳಿಗೆ ಹದಿನಾರಾಗಿದ್ದಾಗ ಸರೋವರದ ದಂಡೆಯಲ್ಲಿ ಅವಳ ಮುಂದೆ ತನ್ನ ಆಸೆ ಹೇಳಿಕೊಂಡ. ಅವಳು ಅವನ ಕೆನ್ನೆಗೆ ಹೊಡೆದು ಹೊರಟುಬಿಟ್ಟಳು. ಮುಂದೆ ತಾಯಿಗೆ ಹೇಳಿದಾಗ, ಆತ ಅಂಥದ್ದೇನೂ ನಡೆಯಲೇ ಇಲ್ಲ, ಹುಡುಗಿ ಏನೇನೋ ಪುಸ್ತಕ ಓದಿ ಕಲ್ಪಿಸಿಕೊಂಡಿದ್ದಾಳೆ ಎಂದ. ತಂದೆ ಮಗಳನ್ನು ಬಿಟ್ಟು ಅವನನ್ನು ನಂಬಿದ.

ದಂಡೆಯ ಘಟನೆ ನಡೆದ ಮೇಲೆ, ಅವಳು ಉಳಿದುಕೊಂಡಿದ್ದ ಸರೋವರದ ಬಳಿಯ ಮನೆಯಲ್ಲೇ ಅವಳಿಗೆ ಒಂದು ಕನಸು ರಾತ್ರಿ ರಾತ್ರಿಯೂ ಬೀಳತೊಡಗಿತ್ತು. ಮನೆಗೆ ಬೆಂಕಿ ಬಿದ್ದಿದೆ. ಅಪ್ಪ ಹಾಸಿಗೆಯ ಪಕ್ಕ ನಿಂತು ಎಬ್ಬಿಸುತ್ತಾನೆ. ಅವಳು ಬೇಗ ಬೇಗ ಬಟ್ಟೆ ಹಾಕಿಕೊಳ್ಳುತ್ತಾಳೆ. ಅಮ್ಮ ಒಡವೆಯ ಪೆಟ್ಟಿಗೆ ಉಳಿಸಿಕೊಳ್ಳಬೇಕು ಅನ್ನುತ್ತಾಳೆ. ನಿನ್ನ ಒಡವೆ ಪೆಟ್ಟಿಗೆಗಾಗಿ ನಾನೂ ನನ್ನ ಇಬ್ಬರು ಮಕ್ಕಳೂ ಸುಟ್ಟುಹೋಗುವುದು ನನಗೆ ಬೇಡ ಎಂದು ಅಪ್ಪ ಗದರುತ್ತಾನೆ. ಎಲ್ಲರೂ ಮೆಟ್ಟಿಲಿಳಿದು ಓಡುತ್ತಾರೆ. ಹೊರಗೆ ಕಾಲಿಟ್ಟ ಕೂಡಲೇ ಅವಳಿಗೆ ಎಚ್ಚರವಾಗುತ್ತದೆ. ವಿಯೆನ್ನಾಕ್ಕೆ ಮರಳಿ, ಫ್ರಾಯ್ಡ್ ಬಳಿ ಬರುತ್ತಿದ್ದಾಗ ಅದೇ ಕನಸು ಮತ್ತೆ ಬಿತ್ತು. ಪ್ರತಿ ಸಲ ಎದ್ದಾಗಲೂ ಹೊಗೆಯ ವಾಸನೆ ಬರುತ್ತಿತ್ತು ಎಂದು ಅವಳು ಮರುದಿನ ನೆನಪಿಸಿಕೊಂಡು ಹೇಳಿದಳು.

ಇದರ ತುಣುಕುಗಳು ಎಲ್ಲಿಂದ ಬಂದವು ಎಂದು ಹುಡುಕುವುದರಲ್ಲಿ ಫ್ರಾಯ್ಡ್ ನಿಜಕ್ಕೂ ಗಟ್ಟಿಗರು. ಡೋರಾಳ ಮನೆಯಲ್ಲಿ ತಾಯಿ ರಾತ್ರಿ ಊಟದ ಕೋಣೆಗೆ ಬೀಗ ಹಾಕುತ್ತಿದ್ದಳು. ಅಣ್ಣನ ಕೋಣೆಗೆ ಬೇರೆ ಬಾಗಿಲಿರಲಿಲ್ಲ. ರಾತ್ರಿ ಏನಾದರೂ ಆಗಿ ಹೊರಗೆ ಬರಬೇಕಾದರೆ ಹೇಗೆ ಎಂದು ತಂದೆ ಕೆಲವೇ ದಿನಗಳ ಹಿಂದೆ ಜಗಳವಾಡಿದ್ದ. ಸರೋವರದ ಬಳಿಯ ಮನೆ ಮರದ್ದು, ಸಿಡಿಲು ತಡೆಯುವ ಸಲಾಕೆಯೂ ಅದಕ್ಕಿರಲಿಲ್ಲ. ಗುಡುಗು ಮಳೆಯಲ್ಲಿ ಅಲ್ಲಿಗೆ ಬಂದಿಳಿದಾಗಲೇ ತಂದೆ ಬೆಂಕಿಯ ಭಯ ಹೇಳಿಕೊಂಡಿದ್ದ. ಇನ್ನೂ ಒಂದು ಸಂಗತಿ. ದಂಡೆಯ ಘಟನೆ ನಡೆದ ಮಧ್ಯಾಹ್ನ ಅವಳು ಮಲಗಿದ್ದಾಗ ಕಣ್ಣು ಬಿಟ್ಟರೆ ಎದುರಿಗೆ ಶ್ರೀ ಕೆ ನಿಂತಿದ್ದ. ಅವಳು ಅವನ ಹೆಂಡತಿಯಿಂದ ಕೋಣೆಯ ಬೀಗದ ಕೈ ಇಸಿದುಕೊಂಡಳು, ಮರುದಿನ ಬೆಳಗ್ಗೆ ಒಳಗಿನಿಂದ ಬೀಗ ಹಾಕಿಕೊಂಡು ಬಟ್ಟೆ ಬದಲಿಸಿದಳು. ಮಧ್ಯಾಹ್ನ ನೋಡಿದರೆ ಬೀಗದ ಕೈ ಮಾಯ. ಅಲ್ಲಿಂದ ಮುಂದೆ ಅವಳು ಬೇಗ ಬೇಗ ಬಟ್ಟೆ ಹಾಕಿಕೊಳ್ಳುತ್ತಿದ್ದಳು.

ಈಗ ಕನಸನ್ನು ಇನ್ನೊಮ್ಮೆ ಓದಿ. ಬೀಗವಿಲ್ಲದ ಕೋಣೆ, ಯಾವಾಗ ಬೇಕಾದರೂ ಒಳಗೆ ಬರಬಲ್ಲ ಗಂಡಸು. ಈ ಮನೆಯಲ್ಲಿ ಇದ್ದರೆ ಸುಟ್ಟುಹೋಗುತ್ತೇನೆ, ಅಪ್ಪ ಎಬ್ಬಿಸಿ ಕರೆದುಕೊಂಡು ಹೋಗಲಿ. ಹೊರಗೆ ಬಂದರೆ ಸಾಕು, ಮತ್ತೆ ನಿದ್ದೆಯಲ್ಲಿ ನಡುಗಬೇಕಾಗಿಲ್ಲ. ಕನಸಿನ ಭಾವ ಅವಸರ ಮತ್ತು ಭಯ, ಹಾಗಾಗಿ ಬೆಂಕಿ ಇಲ್ಲಿ ಅಪಾಯ. ಈ ಮನೆ ಬಿಟ್ಟು ಹೋಗಲೇಬೇಕು ಎಂಬ ನಿರ್ಧಾರವನ್ನು ಈ ಕನಸು ರಾತ್ರಿ ರಾತ್ರಿಯೂ ಹೇಳುತ್ತಿತ್ತು ಎಂಬಲ್ಲಿಯವರೆಗೆ ಫ್ರಾಯ್ಡ್ ಕೂಡ ಬಂದರು.

ಅಲ್ಲಿಗೆ ನಿಲ್ಲಬೇಕಿತ್ತು. ಅವರು ಮುಂದೆ ಹೋದರು. ಬೆಂಕಿಯ ಎದುರು ನೀರು, ಹಾಗಾಗಿ ಚಿಕ್ಕಂದಿನಲ್ಲಿ ಹಾಸಿಗೆ ಒದ್ದೆ ಮಾಡುತ್ತಿದ್ದದ್ದು. ಬೆಂಕಿ ಎಂದರೆ ಕಾಮವೂ ಹೌದು, ಒಡವೆಯ ಪೆಟ್ಟಿಗೆ ಎಂದರೆ ಹೆಣ್ಣಿನ ಗುಪ್ತಾಂಗ. ಅವಳು ಹೆದರುತ್ತಿರುವುದು ಶ್ರೀ ಕೆಗೆ ಅಲ್ಲ, ಅವನಿಗೆ ಒಲಿದುಬಿಡುತ್ತೇನೇನೋ ಎಂಬ ತನ್ನದೇ ಆಸೆಗೆ. ಹುಡುಗಿ ಇಲ್ಲ ಎಂದಳು. ಆ ಇಲ್ಲವನ್ನೂ ಅವರು ತಮ್ಮ ವಾದಕ್ಕೆ ಪುರಾವೆ ಮಾಡಿಕೊಂಡರು. ಸಂಕೇತದ ಅರ್ಥವನ್ನು ಮೊದಲೇ ಕೈಯಲ್ಲಿ ಹಿಡಿದುಕೊಂಡು ಬಂದವನಿಗೆ ಎದುರಿನವಳ ಭಯ ಭಯವಾಗಿ ಕಾಣುವುದಿಲ್ಲ ಎಂಬುದನ್ನು ಓದುವಾಗ ನನಗೆ ಪ್ರತಿ ಸಲವೂ ಸಂಕಟವಾಗುತ್ತದೆ. ತಂದೆ ನಂಬಲಿಲ್ಲ. ಘಟನೆ ನಡೆದದ್ದು ನಿಜ ಎಂದು ನಂಬಿದ ವೈದ್ಯರು ಅವಳ ಅಸಹ್ಯವನ್ನು ನಂಬಲಿಲ್ಲ.

ಆ ಕನಸಿನಲ್ಲಿ ಕೋಪವೂ ಇದೆ, ಆದರೆ ಅದು ಅವಳ ಬಾಯಲ್ಲಿಲ್ಲ. ಒಡವೆಗಾಗಿ ಮಕ್ಕಳು ಸುಟ್ಟುಹೋಗಬೇಕೇ ಎಂದು ಗದರುವವನು ಅಪ್ಪ. ಎಚ್ಚರದಲ್ಲಿ ಆ ಅಪ್ಪ ಮಾಡಿದ್ದು ಅದರ ತದ್ವಿರುದ್ಧ, ತನ್ನ ಸುಖಕ್ಕಾಗಿ ಮಗಳನ್ನೇ ಬೆಂಕಿಯ ಪಕ್ಕ ಬಿಟ್ಟಿದ್ದ. ಅವನು ಆಡಬೇಕಿದ್ದ ಮಾತನ್ನು ಮಗಳು ಕನಸಿನಲ್ಲಿ ಅವನಿಂದ ಆಡಿಸಿದಳು. ಇದು ನನ್ನ ಓದು.

1900ರ ಡಿಸೆಂಬರ್ 31ರಂದು ಡೋರಾ ಇವತ್ತೇ ಕೊನೆ ಎಂದು ಹೇಳಿ ಎದ್ದುಹೋದಳು. ಚಿಕಿತ್ಸೆ ನಡೆದದ್ದು ಮೂರು ತಿಂಗಳೂ ಅಲ್ಲ. ಕನಸಿನ ಮನೆ ತಮ್ಮ ಚಿಕಿತ್ಸೆಯ ಕೋಣೆಯೂ ಆಗಿತ್ತು, ಅವಳು ಇಲ್ಲಿಂದಲೂ ಹೊರಡಬೇಕೆಂದಿದ್ದಳು, ಆ ಎಚ್ಚರಿಕೆ ತಮಗೆ ಹೊತ್ತಿಗೆ ಕೇಳಲಿಲ್ಲ ಎಂದು ಫ್ರಾಯ್ಡ್ ಆಮೇಲೆ ತಾವೇ ಬರೆದರು. 1902ರ ಏಪ್ರಿಲ್‌ನಲ್ಲಿ ಅವಳು ಒಮ್ಮೆ ಬಂದು ಒಂದು ಸುದ್ದಿ ಹೇಳಿದಳು. ಕೆ ದಂಪತಿಯ ಮಗುವೊಂದು ತೀರಿಕೊಂಡಾಗ ಅವಳು ಅವರ ಮನೆಗೆ ಹೋಗಿದ್ದಳು. ನಿನ್ನ ಮತ್ತು ಅಪ್ಪನ ಸಂಬಂಧ ನನಗೆ ಗೊತ್ತು ಎಂದು ಹೆಂಡತಿಯ ಮುಖಕ್ಕೆ ಹೇಳಿದಳು. ಗಂಡನಿಂದ ದಂಡೆಯ ಮೇಲೆ ನಡೆದದ್ದು ನಿಜವೆಂದು ಒಪ್ಪಿಸಿದಳು. ಆ ಒಪ್ಪಿಗೆಯನ್ನು ಮನೆಗೆ ಒಯ್ದು ತಂದೆಯ ಮುಂದಿಟ್ಟಳು. ಕನಸಿನಲ್ಲಿ ಅಪ್ಪನ ಬಾಯಿಗೆ ಕೊಟ್ಟಿದ್ದ ಕೋಪವನ್ನು ಅವಳು ಎಚ್ಚರದಲ್ಲಿ ತನ್ನ ಬಾಯಿಂದಲೇ ಆಡಿದಳು.

ಕನಸಿನಲ್ಲಿ ಮೊದಲು ಇರುವುದು ಭಾವ, ಚಿತ್ರ ಅದಕ್ಕೆ ತೊಡಿಸಿದ ಬಟ್ಟೆ ಎಂಬುದನ್ನು ಮುಂದೆ ವಿಸ್ತಾರವಾಗಿ ಹೇಳಿದವರು ಅಮೆರಿಕದ ಮನೋವೈದ್ಯ ಅರ್ನೆಸ್ಟ್ ಹಾರ್ಟ್‌ಮನ್. ದೊಡ್ಡ ಆಘಾತ ಕಂಡವರ ಕನಸುಗಳನ್ನು ಅವರು ಸಾಲಾಗಿ ಇಟ್ಟು ನೋಡಿದರು. ಉರಿಯುವ ಮನೆಯಿಂದ ಪಾರಾಗಿ ಬಂದವರಿಗೆ ಮೊದಮೊದಲು ಬೆಂಕಿಯೇ ಕಾಣುತ್ತದೆ. ದಿನ ಕಳೆದಂತೆ ಬೆಂಕಿ ಹೋಗಿ ಮೇಲೆರಗುವ ಸಮುದ್ರದ ಅಲೆ ಬರುತ್ತದೆ, ಅಟ್ಟಿಸಿಕೊಂಡು ಬರುವ ಗುಂಪು ಬರುತ್ತದೆ. ಅವರು ಅಲೆಗೆ ಸಿಕ್ಕಿದವರಲ್ಲ, ಯಾರೂ ಅಟ್ಟಿಸಿಕೊಂಡು ಬಂದಿಲ್ಲ. ಚಿತ್ರ ಬದಲಾದರೂ, ತನ್ನ ಕೈಯಲ್ಲಿ ಏನೂ ಇಲ್ಲ ಎಂಬ ದಿಗಿಲು ಬದಲಾಗುವುದಿಲ್ಲ. ಬೆಂಕಿಗೂ ಅಲೆಗೂ ಬೇರೆ ಬೇರೆ ಅರ್ಥ ಬರೆದ ಪುಸ್ತಕ ಇಟ್ಟುಕೊಂಡು ಕೂತರೆ ಈ ಕನಸುಗಳು ಒಂದೇ ಮಾತು ಹೇಳುತ್ತಿವೆ ಎಂಬುದು ತಿಳಿಯುವುದೇ ಇಲ್ಲ.

ಹಾಗೆಂದು 'ನಿನಗೆ ಏನನಿಸಿತು' ಎಂದು ಒಮ್ಮೆ ಕೇಳಿ ಬಂದ ಮೊದಲ ಉತ್ತರವನ್ನು ಬರೆದುಕೊಂಡರೆ ಸಾಲದು. ನನ್ನ ಸ್ನೇಹಿತರೊಬ್ಬರು ಶಾಲೆಯಲ್ಲಿ ಮೇಷ್ಟ್ರು, ಬಹಳ ಸಾಧು. ಅವರ ಊರು ಮಲೆನಾಡು, ಅಡಿಕೆ ತೋಟದ ಮನೆ. ಅವರಿಗೆ ಹುಟ್ಟಿದ ಮನೆಯೇ ಉರಿಯುವ ಕನಸು. ಅಟ್ಟದಿಂದ ಹೊಗೆ ಬರುತ್ತಿದೆ, ಹಂಚು ಪಟಪಟ ಸಿಡಿಯುತ್ತಿದೆ, ಇವರು ಬಾವಿಯಿಂದ ಕೊಡ ಎಳೆದರೆ ಕೊಡದಲ್ಲಿ ನೀರಿಲ್ಲ. "ಹೆದರಿ ಬೆವತುಬಿಟ್ಟೆ ಮಾರಾಯ" ಎಂದರು. ಭಯ ಅಂದಮೇಲೆ ಅಪಾಯ ಎಂದು ಅರ್ಥ ಹೇಳಿ ಮುಗಿಸಬಹುದಿತ್ತು.

ಕನಸನ್ನು ಮೊದಲಿಂದ, ಈಗ ನಡೆಯುತ್ತಿರುವ ಹಾಗೆ ಹೇಳಿ ಎಂದೆ. ಹೀಗೆ ಹೇಳಿಸುವುದರಿಂದ ಒಂದು ಅನುಕೂಲವಿದೆ. 'ಬೆಂಕಿ ಬಿದ್ದಿತ್ತು, ಹೆದರಿದೆ' ಎನ್ನುವವರು 'ಬೆಂಕಿ ಬೀಳುತ್ತಿದೆ' ಎಂದು ಹೇಳತೊಡಗಿದರೆ ಬಿಟ್ಟುಹೋದ ತುಣುಕುಗಳು ತಾವಾಗಿ ಬರುತ್ತವೆ. ಅಂಗಳದಲ್ಲಿ ನಿಂತಿದ್ದೇನೆ ಎಂದರು. ಒಳಗೆ ಯಾರಿದ್ದಾರೆ ಎಂದೆ. ಅಣ್ಣ ಇದ್ದಾನೆ, ಕಾಗದಪತ್ರ ಹರಡಿಕೊಂಡು ಕೂತಿದ್ದಾನೆ ಎಂದರು. ಹೊಗೆ ಕಾಣುವ ಮೊದಲು ನಿಮ್ಮ ಕೈಯಲ್ಲಿ ಏನಿತ್ತು ಎಂದೆ. ಅವರ ಮುಖ ಸಪ್ಪಗಾಯಿತು. "ಬೆಂಕಿಪೊಟ್ಟಣ" ಎಂದರು.

ಆಮೇಲೆ ಅರ್ಥ ಹೇಳಲು ನನ್ನ ಅಗತ್ಯವೇ ಇರಲಿಲ್ಲ. ಆ ವರ್ಷ ಮನೆಯಲ್ಲಿ ಪಾಲಾಗಿತ್ತು. ನೀರಿನ ಆಸರೆಯಿದ್ದ ತೋಟ ಅಣ್ಣನಿಗೆ ಹೋಯಿತು, ಒಣ ಗುಡ್ಡ ಇವರಿಗೆ. ಹಿರಿಯರ ಮುಂದೆ ತಲೆಯಾಡಿಸಿ ಸಹಿ ಹಾಕಿ ಬಂದಿದ್ದರು. ಒಂದು ದಿನವೂ ದನಿ ಏರಿಸಿರಲಿಲ್ಲ. ಅವರು ಬೆವತದ್ದು ಬೆಂಕಿಗಲ್ಲ, ತಾನೇ ಹಚ್ಚಿದೆನಲ್ಲ ಎಂಬುದಕ್ಕೆ. ಕೋಪ ಬಂದರೆ ತಪ್ಪು ಎಂದು ಬೆಳೆದವರಲ್ಲಿ ಕೋಪ ಬೇರೆ ವೇಷದಲ್ಲೇ ಬರುತ್ತದೆ, ಅದರಲ್ಲೂ ಹೆಚ್ಚಾಗಿ ಭಯದ ವೇಷದಲ್ಲಿ. ಇದನ್ನು ಗುರುತಿಸಲು ನಾನು ನೋಡುವುದು ಎರಡೇ ಅಂಶ. ಬೆಂಕಿಯ ಮುಂದೆ ಅವರು ಎಲ್ಲಿ ನಿಂತಿದ್ದರು, ಅದು ಹೇಗೆ ಹೊತ್ತಿತು? ಒಳಗೆ ಸಿಕ್ಕಿಹಾಕಿಕೊಂಡವನ ಭಯ ಒಂದು ಬಗೆ, ಹೊರಗೆ ಕಡ್ಡಿ ಹಿಡಿದು ನಿಂತವನ ಭಯ ಇನ್ನೊಂದು ಬಗೆ. ಡೋರಾ ಒಳಗಿದ್ದಳು, ಮೇಷ್ಟ್ರು ಹೊರಗಿದ್ದರು, ಚಿಕ್ಕಮ್ಮ ಕೈ ಕಾಯಿಸುವಷ್ಟು ದೂರದಲ್ಲಿದ್ದರು.

ಫ್ರಾಯ್ಡ್ ಮಾಡಿದ ತಪ್ಪನ್ನು ನಾನೂ ಇಲ್ಲಿ ಮಾಡಬಹುದಿತ್ತು. ಮೇಷ್ಟ್ರು ಭಯ ಎಂದ ಕೂಡಲೇ 'ಅಲ್ಲ, ನಿಮಗೆ ಕೋಪ' ಎಂದುಬಿಟ್ಟಿದ್ದರೆ ಅದು ಸರಿಯಿದ್ದರೂ ತಪ್ಪೇ. ಬೆಂಕಿಪೊಟ್ಟಣ ಅವರ ಬಾಯಿಂದಲೇ ಬರಬೇಕು. ಅದು ಬರದಿದ್ದರೆ ಭಯವನ್ನು ಭಯವೆಂದೇ ಬಿಡಬೇಕು. ಓದು ಸರಿಯೋ ಅಲ್ಲವೋ ಎಂದು ತಿಳಿಯುವ ಬಗೆಯೂ ಇದೇ. ಸರಿಯಾದ ಮಾತು ಬಿದ್ದಾಗ ಕನಸು ಕಂಡವರಿಗೆ ತಾವಾಗಿ ಇನ್ನೊಂದು ಸಂಗತಿ ನೆನಪಾಗುತ್ತದೆ, ಇಲ್ಲವೇ ಉಸಿರು ಬದಲಾಗುತ್ತದೆ. ತಪ್ಪು ಮಾತಿಗೆ ಅವರು ಮರ್ಯಾದೆಗೆ ಹೂಂ ಎಂದು ಸುಮ್ಮನಾಗುತ್ತಾರೆ.

ಇನ್ನೊಂದು ತೊಡಕು ಬೆಳಗಿನ ಕಾಫಿಯ ಹೊತ್ತಿನದು. ಕನಸಿನ ಚಿತ್ರ ಮಧ್ಯಾಹ್ನದವರೆಗೆ ಉಳಿದರೂ ಭಾವ ಬಹು ಬೇಗ ಆರುತ್ತದೆ. ಮನೆಯಲ್ಲಿ ಹೇಳಿದ ಕೂಡಲೇ ಕೇಳಿದವರ ಗಾಬರಿ ಅದರ ಜಾಗದಲ್ಲಿ ಬಂದು ಕೂರುತ್ತದೆ. ಚಿಕ್ಕಮ್ಮನಿಗೆ ಆದದ್ದು ಇದೇ. ಅದಕ್ಕೇ ಎದ್ದ ತಕ್ಷಣ, ಯಾರಿಗೂ ಹೇಳುವ ಮೊದಲು, ಕಂಡದ್ದಕ್ಕಿಂತ ಮುಂಚೆ ಅನಿಸಿದ್ದನ್ನು ಒಂದು ಸಾಲು ಬರೆದಿಡುವುದು ಒಳ್ಳೆಯದು. ಹಗುರವಾಯಿತು, ಉರಿದುಹೋಯಿತು, ಉಸಿರು ಕಟ್ಟಿತು, ಏನೂ ಅನಿಸಲಿಲ್ಲ, ಹೀಗೆ. ಕೊನೆಯದೂ ಒಂದು ಉತ್ತರವೇ. ಮನೆ ಉರಿಯುವುದನ್ನು ಕಲ್ಲಿನ ಹಾಗೆ ನೋಡುತ್ತಾ ನಿಂತವರ ಕನಸಿನಲ್ಲಿ ಬೆಂಕಿಗಿಂತ ಆ ಕಲ್ಲಿನ ಕಡೆ ಗಮನ ಕೊಡಬೇಕು.

ನಿಜವಾಗಿ ಬೆಂಕಿಗೆ ಸಿಕ್ಕಿ ಬಂದವರ ಕನಸಿನ ವಿಷಯ ಬೇರೆ. ಒಲೆಯ ಉರಿ ಸೀರೆಗೆ ಹತ್ತಿದವರು, ಸಿಲಿಂಡರ್ ಸಿಡಿದ ಮನೆಯಲ್ಲಿದ್ದವರು ಇವರಿಗೆ ಕನಸಿನಲ್ಲಿ ಬೆಂಕಿ ಯಾವ ಸಂಕೇತವೂ ಅಲ್ಲ. ನಡೆದದ್ದು ನಡೆದ ಹಾಗೆಯೇ, ಅದೇ ಕಮಟು ವಾಸನೆಯೊಂದಿಗೆ, ಮತ್ತೆ ಮತ್ತೆ ನಡೆಯುತ್ತದೆ. ಇಲ್ಲಿ ಕೋಪವೋ ಶುದ್ಧಿಯೋ ಎಂದು ಅರ್ಥ ಹುಡುಕುವುದು ಕ್ರೌರ್ಯ. ಇಂಥ ದುಃಸ್ವಪ್ನಕ್ಕೆ ಕೆಲಸಕ್ಕೆ ಬಂದಿರುವ ಒಂದು ಕ್ರಮವಿದೆ. ಬ್ಯಾರಿ ಕ್ರಾಕೊ ಮತ್ತು ಸಂಗಡಿಗರು ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಮಹಿಳೆಯರೊಂದಿಗೆ ಇದನ್ನು ಪರೀಕ್ಷಿಸಿ 2001ರಲ್ಲಿ ಫಲಿತಾಂಶ ಪ್ರಕಟಿಸಿದರು. ಹಗಲಿನಲ್ಲಿ ಕೂತು ಕನಸನ್ನು ಬರೆಯಬೇಕು. ಆಮೇಲೆ ಅದನ್ನು ತನಗೆ ಬೇಕಾದ ಹಾಗೆ ಬದಲಿಸಬೇಕು, ಬಾಗಿಲು ತೆರೆದುಕೊಳ್ಳಲಿ, ಮಳೆ ಬರಲಿ, ಏನಾದರೂ ಸರಿ. ಬದಲಿಸಿದ ಕನಸನ್ನು ಮಾತ್ರ ದಿನಾ ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ನೋಡಬೇಕು. ಕೆಲವು ವಾರಗಳಲ್ಲಿ ಹಲವರಿಗೆ ಹಳೆಯ ಕನಸು ಬೀಳುವುದು ಕಡಿಮೆಯಾಗುತ್ತದೆ. ತೀರಾ ಹೆಚ್ಚಾಗಿ ನಿದ್ದೆಗೇ ಹೆದರುವಂತಾದರೆ ಮನೋವೈದ್ಯರ ಜೊತೆಯಲ್ಲಿ ಇದನ್ನು ಮಾಡಬೇಕು, ಒಬ್ಬರೇ ಅಲ್ಲ.

ಹಾಗೆಯೇ ಬೆಂಕಿಯ ಕನಸು ಮುಂಬರುವ ಬೆಂಕಿಯ ಸೂಚನೆ ಎಂದುಕೊಂಡು, ನಿಜವಾದ ಬೆಂಕಿ ಬಿದ್ದರೆ ಕನಸು ಎಬ್ಬಿಸುತ್ತದೆ ಎಂದು ನಂಬಿ ಮಲಗಬೇಡಿ. 2004ರಲ್ಲಿ ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ಮೇರಿ ಕಾರ್ಸ್ಕಡನ್ ಮತ್ತು ರೇಚಲ್ ಹರ್ಟ್ಜ್ ನಿದ್ದೆಯಲ್ಲಿದ್ದವರ ಮೂಗಿಗೆ ಪುದೀನದ ವಾಸನೆಯನ್ನೂ, ಪಿರಿಡಿನ್ ಎಂಬ ಕೆಟ್ಟ ನಾತದ ರಾಸಾಯನಿಕವನ್ನೂ ಹಿಡಿದು ನೋಡಿದರು. ಗಾಢ ನಿದ್ದೆಯಲ್ಲಿ ಯಾವ ವಾಸನೆಯೂ ಅವರನ್ನು ಎಬ್ಬಿಸಲಿಲ್ಲ, ಕನಸಿನ ನಿದ್ದೆಯಲ್ಲಿ ಆ ಕೆಟ್ಟ ನಾತಕ್ಕೂ ಹೆಚ್ಚಿನ ಸಲ ಎಚ್ಚರವಾಗಲಿಲ್ಲ, ಸದ್ದು ಎಬ್ಬಿಸಿತು. ಹೊಗೆ ಬಂದರೆ ಮೂಗಿಗೆ ಗೊತ್ತಾಗುತ್ತದೆ ಎಂಬ ನಂಬಿಕೆಯನ್ನು ನೆಚ್ಚಿಕೊಳ್ಳುವಂತಿಲ್ಲ. ರಾತ್ರಿ ಸಿಲಿಂಡರಿನ ರೆಗ್ಯುಲೇಟರ್ ಬಂದ್ ಮಾಡಿ ಮಲಗುವುದು, ಸಾಧ್ಯವಿದ್ದವರು ಸದ್ದು ಮಾಡುವ ಹೊಗೆ ಅಲಾರಂ ಹಾಕಿಸುವುದು ಎಚ್ಚರದಲ್ಲಿ ಮಾಡಬೇಕಾದ ಕೆಲಸ. ಡೋರಾ ಎದ್ದಾಗಲೆಲ್ಲ ಮೂಸಿದ ಹೊಗೆಯೂ ಹೊರಗಿನದಲ್ಲ, ನೆನಪಿನದು. ಅವಳ ತಂದೆ, ಶ್ರೀ ಕೆ, ಫ್ರಾಯ್ಡ್, ಮೂವರೂ ಹೊಗೆ ಸೇದುವವರು.

ಚಿಕ್ಕಮ್ಮನಿಗೆ ನಾನು ಹೇಳಿದ್ದು ಇಷ್ಟೇ: ಹಗುರ ಅನಿಸಿದ್ದು ತಪ್ಪಲ್ಲ, ಚಿಕ್ಕಪ್ಪನ ಮೇಲಿನ ಪ್ರೀತಿಯೇನೂ ಅದರಲ್ಲಿ ಸುಟ್ಟುಹೋಗಿಲ್ಲ. ಅವರು ತುಂಬ ಹೊತ್ತು ಅತ್ತರು. ಹಾಸಿಗೆಯನ್ನು ಇನ್ನೂ ಕೋಣೆಯಿಂದ ತೆಗೆದೇ ಇರಲಿಲ್ಲ ಎಂಬುದು ಆಗ ಗೊತ್ತಾಯಿತು. ಮರುದಿನ ಅದರ ಹತ್ತಿಯನ್ನು ಬಿಚ್ಚಿ ಬಿಸಿಲಿಗೆ ಹಾಕಿದೆವು, ಮೇಲಿನ ಬಟ್ಟೆಯನ್ನು ಹಿತ್ತಿಲಲ್ಲಿ ಸುಟ್ಟೆವು. ಕಂಬಳಿಯನ್ನು ಮಾತ್ರ ಅವರು ಕೊಡಲಿಲ್ಲ, ಒಗೆದು ಇಟ್ಟುಕೊಂಡರು.

ಆಮೇಲೆ ಕನಸು ಒಂದೇ ಸಲ ಬಿತ್ತಂತೆ. ಯುಗಾದಿಗೆ ಹೋದಾಗ ಹೇಳಿದರು. "ಬೆಂಕಿ ಆರಿತ್ತು ಕಣಪ್ಪ. ಬರೀ ಬೂದಿ ಇತ್ತು. ನಾನು ಕುಕ್ಕರಗಾಲಲ್ಲಿ ಕೂತ್ಕೊಂಡು ಆ ಬೂದೀಲಿ ಪಾತ್ರೆ ತಿಕ್ಕುತಿದ್ದೆ. ತಪ್ಪಲೆ ಫಳಫಳ ಅಂತಿತ್ತು."